ಗುಟ್ಟು ಗ್ರೂಪಿನಲ್ಲೇ ಇರಲಿ: ಗೆಳತಿಗೆ ತಿಳಿಯದಂತೆ ಹುಟ್ಟುಹಬ್ಬದ ಪಾರ್ಟಿ ಹೇಗೆ?

ಹತ್ತು ಹನ್ನೆರಡು ಜನರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬರಿಗೆ ತಿಳಿಯದ ಹಾಗೆ ಪಾರ್ಟಿಗೆ ತಯಾರಿ ನಡೆಸುವಾಗ ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ. ‘ಕೇಕ್ ಎಷ್ಟು ಕೆಜಿ ಹೇಳಲಿ?’ ಎಂಬ ಮೆಸೇಜು ಅವರನ್ನು ಬಿಟ್ಟು ಮಾಡಿದ ಹೊಸ ಗ್ರೂಪಿಗೆ ಹೋಗುವ ಬದಲು ಅವರೂ ಇರುವ ಹಳೆಯದಕ್ಕೆ ಹೋಗಿಬಿಡುತ್ತದೆ. ಇಲ್ಲವೇ ದಿನವಿಡೀ ಗಲಗಲ ಎನ್ನುತ್ತಿದ್ದ ಹಳೆಯ ಗ್ರೂಪು ಇದ್ದಕ್ಕಿದ್ದಂತೆ ತೆಪ್ಪಗಾಗುತ್ತದೆ. ಊಟ, ಅಲಂಕಾರ ಹೇಗೋ ಆಗುತ್ತವೆ; ಎಚ್ಚರ ಬೇಕಿರುವುದು ಈ ಎರಡರಲ್ಲಿ.

ಮೈಸೂರಿನ ಸರಸ್ವತಿಪುರಂನ ಸುಮಾಗೆ 40 ತುಂಬುತ್ತಿದೆ ಎಂದಿಟ್ಟುಕೊಳ್ಳಿ. ಕಾಲೇಜು ಗೆಳೆಯರ ಗ್ರೂಪಿನಲ್ಲಿ ಅವರೂ ಸೇರಿ 12 ಜನ, ಐವರು ಬೆಂಗಳೂರಿನಿಂದ ಬರಬೇಕು. ಪಾರ್ಟಿ ಕುವೆಂಪುನಗರದ ಒಬ್ಬ ಗೆಳತಿಯ ಮನೆಯಲ್ಲಿ.

ದಿನ

ಹುಟ್ಟುಹಬ್ಬದ ದಿನವೇ ಬೇಡ. ಅಂದು ಯಾರು ಫೋನ್ ಮಾಡಿದರೂ ಅನುಮಾನ ಬರುತ್ತದೆ. ಹುಟ್ಟುಹಬ್ಬ ಮಂಗಳವಾರವಿದ್ದರೆ ಅದರ ಹಿಂದಿನ ಶನಿವಾರ ಇಟ್ಟುಕೊಳ್ಳಿ. ನಂತರದ ಶನಿವಾರವಂತೂ ಬೇಡ. ‘ಒಬ್ಬರೂ ಬಂದು ವಿಶ್ ಮಾಡಲಿಲ್ಲ’ ಎಂಬ ಬೇಸರದಲ್ಲೇ ಅವರ ಹುಟ್ಟುಹಬ್ಬ ಕಳೆದಿರುತ್ತದೆ.

ಹೊಸ ಗ್ರೂಪು

ಇಲ್ಲಿ ಅವಸರ ಮಾಡಬೇಡಿ. ‘ಸುಮಾ ಸರ್ಪ್ರೈಸ್’ ಎಂದು ಹೆಸರಿಡುವವರೇ ಹೆಚ್ಚು. ಫೋನು ಲಾಕ್ ಆಗಿದ್ದರೂ ಪರದೆಯ ಮೇಲೆ ಗ್ರೂಪಿನ ಹೆಸರು ಮೂಡುತ್ತದೆ, ಮತ್ತು ಆ ಫೋನು ಸುಮಾ ಪಕ್ಕದಲ್ಲೇ ಕೂತ ಯಾರದ್ದೋ ಆಗಿರಬಹುದು. ‘ಸೈಟ್ ಖಾತಾ ವಿಚಾರ’ ಎಂಬಂಥ, ನೋಡಿದವರಿಗೆ ಆಕಳಿಕೆ ಬರುವ ಹೆಸರಿಡಿ. ಹಳೆಯ ಗ್ರೂಪಿನ ಹೆಸರಿನ ಮುಂದೆ ‘2’ ಸೇರಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಡಿಪಿಗೆ ಯಾರ ಫೋಟೋವೂ ಬೇಡ, ಬರೀ ಕಡುಗೆಂಪು ಬಣ್ಣ ಹಾಕಿ. ಫೋಟೋ ಫಾರ್ವರ್ಡ್ ಮಾಡುವಾಗ ಬರುವ ಪಟ್ಟಿಯಲ್ಲಿ ಜನ ಹೆಸರು ಓದುವುದಿಲ್ಲ, ಡಿಪಿ ನೋಡಿ ಒತ್ತುತ್ತಾರೆ. ಎರಡು ಗ್ರೂಪಿಗೂ ಅದೇ ಕಾಲೇಜು ಮೆಟ್ಟಿಲಿನ ಚಿತ್ರವಿದ್ದರೆ ಬೆರಳು ತಪ್ಪಿಯೇ ತಪ್ಪುತ್ತದೆ. ಹೊಸ ಗ್ರೂಪಿನ ವಾಲ್‌ಪೇಪರನ್ನೂ ಕೆಂಪು ಮಾಡಿಕೊಳ್ಳಲು ಪ್ರತಿಯೊಬ್ಬರಿಗೂ ಹೇಳಿ. ವಾಲ್‌ಪೇಪರ್ ಅವರವರ ಫೋನಿಗೆ ಮಾತ್ರ ಅನ್ವಯ, ನೀವು ಬದಲಿಸಿದರೆ ಬೇರೆಯವರದ್ದು ಬದಲಾಗುವುದಿಲ್ಲ.

ಸದಸ್ಯರನ್ನು ಸೇರಿಸಿದ ಕೂಡಲೇ ಬರೆಯಲು ಶುರು ಮಾಡಬೇಡಿ. ಮೊದಲು ಪಟ್ಟಿ ತೆರೆದು ಒಬ್ಬೊಬ್ಬರನ್ನೇ ನೋಡಿ. ಸುಮಾರ ಹಳೆಯ ನಂಬರು ಬೇರೆ ಹೆಸರಿನಲ್ಲಿ ಸೇವ್ ಆಗಿರಬಹುದು. ತಪ್ಪಿ ಸೇರಿಸಿ ತೆಗೆದರೂ ಆ ಗ್ರೂಪು ಅವರ ಚಾಟ್ ಪಟ್ಟಿಯಲ್ಲಿ ಉಳಿಯುತ್ತದೆ, ಅಷ್ಟರಲ್ಲಿ ಬಂದ ಮೆಸೇಜುಗಳೂ ಉಳಿಯುತ್ತವೆ. ಒಳಗೆ ಏನೂ ಬರೆದಿಲ್ಲ, ಹೆಸರು ‘ಸೈಟ್ ಖಾತಾ’ ಎಂದಿದೆ ಎಂದಾದರೆ ‘ತಪ್ಪಿ ಆಯ್ತು ಕಣೇ’ ಎಂದರೆ ಮುಗಿಯಿತು. ಆಮೇಲೆ ಗ್ರೂಪಿನ ಸೆಟ್ಟಿಂಗ್‌ಗೆ ಹೋಗಿ, ಹೊಸಬರನ್ನು ಅಡ್ಮಿನ್ ಮಾತ್ರ ಸೇರಿಸುವಂತೆ ಮಾಡಿ. ಉತ್ಸಾಹದಲ್ಲಿ ‘ಸುಮಾನ ಸೇರಿಸೇ ಇಲ್ವಲ್ಲ’ ಎಂದು ಸೇರಿಸಿಬಿಡುವ ಪುಣ್ಯಾತ್ಮರು ಎಲ್ಲ ಗ್ರೂಪಿನಲ್ಲೂ ಇರುತ್ತಾರೆ.

ಸುಮಾರ ಗಂಡ ಈ ಗ್ರೂಪಿನಲ್ಲಿ ಬೇಡವೇ ಬೇಡ. ಅವರ ಫೋನಿನಲ್ಲಿ ಮಕ್ಕಳು ವಿಡಿಯೊ ನೋಡುತ್ತವೆ, ಅಡುಗೆಮನೆಯಿಂದ ‘ಯಾರದ್ರೀ ಮೆಸೇಜು’ ಎಂಬ ಪ್ರಶ್ನೆ ಬರುತ್ತದೆ. ಅವರು ಆಫೀಸಿನಲ್ಲಿರುವಾಗ ಒಬ್ಬರು ಫೋನ್ ಮಾಡಿ ‘ಶನಿವಾರ ಸಂಜೆ ಬೇರೇನೂ ಇಟ್ಕೋಬೇಡಿ’ ಎಂದರೆ ಸಾಕು.

ಮೆಸೇಜು ತಪ್ಪಿ ಹೋದರೆ

ಹೋಗುತ್ತದೆ ಎಂದೇ ಇಟ್ಟುಕೊಂಡು ಮೊದಲೇ ಎಲ್ಲರಿಗೂ ಹೇಳಿಡಿ. ಗಾಬರಿಯಲ್ಲಿ ಜನ ಮಾಡುವ ಮೊದಲ ಕೆಲಸ ‘ಡಿಲೀಟ್ ಫಾರ್ ಮಿ’ ಒತ್ತುವುದು. ಆಗ ಮೆಸೇಜು ಕಳಿಸಿದವರ ಫೋನಿನಿಂದ ಮಾತ್ರ ಮಾಯವಾಗುತ್ತದೆ, ಸುಮಾರ ಫೋನಿನಲ್ಲಿ ಹಾಗೇ ಇರುತ್ತದೆ. ಒತ್ತಿದ ತಕ್ಷಣ ಕೆಳಗಡೆ ಐದು ಸೆಕೆಂಡು ‘ಅನ್‌ಡು’ ಕಾಣುತ್ತದೆ. ಅದನ್ನು ಹಿಡಿಯದಿದ್ದರೆ ಆ ಮೆಸೇಜು ನಿಮ್ಮ ಕೈಗೆ ಮತ್ತೆ ಸಿಗುವುದಿಲ್ಲ. ಗ್ರೂಪಿನ ಅಡ್ಮಿನ್ ಮಾತ್ರ ಅದನ್ನು ಎಲ್ಲರಿಗೂ ಅಳಿಸಬಲ್ಲರು. ಅಂದಹಾಗೆ, ಆ ಅಡ್ಮಿನ್ ಸುಮಾ ಒಬ್ಬರೇ ಅಲ್ಲ ತಾನೇ? ಮೊದಲೇ ನೋಡಿಕೊಳ್ಳಿ.

‘ಡಿಲೀಟ್ ಫಾರ್ ಎವ್ರಿವನ್’ ಕೂಡ ಪೂರ್ತಿ ಮುಚ್ಚುವುದಿಲ್ಲ, ಏನೋ ಅಳಿಸಿದ ಗುರುತು ಉಳಿಯುತ್ತದೆ. ಅಳಿಸಿದ್ದನ್ನು ‘ಏನದು?’ ಎಂದು ಕೇಳದ ಗೆಳತಿ ಇದ್ದಾರೆಯೇ? ಬರಹವಾಗಿದ್ದರೆ ಎಡಿಟ್ ಮಾಡುವುದೇ ಮೇಲು. ಅದಕ್ಕೆ 15 ನಿಮಿಷ ಅವಕಾಶವಿದೆ, ‘ಎಡಿಟೆಡ್’ ಎಂಬ ಸಣ್ಣ ಅಕ್ಷರ ಬಿಟ್ಟರೆ ಹಳೆಯ ಸಾಲು ಚಾಟ್‌ನಲ್ಲಿ ಕಾಣುವುದಿಲ್ಲ. ಮೊದಲು ಮೆಸೇಜನ್ನು ಒತ್ತಿ ಹಿಡಿದು ‘ಇನ್ಫೊ’ ನೋಡಿ. ಸುಮಾ ಓದಿಲ್ಲವಾದರೆ ‘ಕೇಕ್ ಎಷ್ಟು ಕೆಜಿ ಹೇಳಲಿ?’ ಎಂಬುದನ್ನು ‘ಅಕ್ಕಿ ಎಷ್ಟು ಕೆಜಿ ಹೇಳಲಿ?’ ಎಂದು ತಿದ್ದಿ, ಕೆಳಗೆ ‘ಅಯ್ಯೋ, ಅಂಗಡಿಯವರಿಗೆ ಕಳಿಸೋದು ಇಲ್ಲಿಗೆ ಬಂತು’ ಎಂದು ಹಾಕಿ. ಓದಿಬಿಟ್ಟಿದ್ದರೆ ತಿದ್ದಲು ಹೋಗಬೇಡಿ. ‘ನಾದಿನಿ ಮಗನ ಬರ್ತ್‌ಡೇಗೆ’ ಎಂದು ಅದೇ ಮೆಸೇಜಿಗೆ ಕಾರಣ ಕೊಡಿ. ಫೋಟೋ ಆದರೆ ಅಳಿಸದೆ ಬೇರೆ ದಾರಿಯಿಲ್ಲ. ಯಾವುದೇ ಆಗಲಿ, ಸಮಜಾಯಿಷಿ ಕೊಡುವುದು ಕಳಿಸಿದವರೊಬ್ಬರೇ. ಉಳಿದ ಹತ್ತು ಜನ ನೆರವಿಗೆ ಬಂದು ನಗುವ ಇಮೋಜಿ ಹಾಕಿದರೆ ಸುಮಾಗೆ ಎಲ್ಲ ಅರ್ಥವಾಗುತ್ತದೆ.

ಹಳೆಯ ಗ್ರೂಪಿನ ಸದ್ದು

ಬೆಳಗಿನ ಗುಡ್ ಮಾರ್ನಿಂಗ್ ಹೂವು, ಮಳೆಯ ಸುದ್ದಿ, ಯಾರದ್ದೋ ಕಾಲೆಳೆಯುವುದು, ಎಲ್ಲ ಎಂದಿನಂತೆ ನಡೆಯಲಿ. ಇದನ್ನು ಒಬ್ಬರಿಗೆ ಒಪ್ಪಿಸಿ. ಯಾರು ಮಾಮೂಲಾಗಿ ಹೆಚ್ಚು ಮಾತಾಡುತ್ತಾರೋ ಅವರೇ ಸರಿ. ಸದಾ ಮೌನವಾಗಿರುವವರು ಏಕಾಏಕಿ ದಿನಕ್ಕೆ ಹತ್ತು ಜೋಕು ಹಾಕಿದರೂ ಅನುಮಾನವೇ. ಸುಮಾ ತಾವೇ ‘ಶನಿವಾರ ಎಲ್ರೂ ಸಿಗೋಣ್ವಾ?’ ಎಂದು ಕೇಳಿದರೆ ಎಲ್ಲರೂ ಒಟ್ಟಿಗೆ ‘ಆಗಲ್ಲ’ ಎನ್ನಬೇಡಿ. ಇಬ್ಬರು ಹೂಂ ಎನ್ನಲಿ, ಒಬ್ಬರು ನೆಪ ಹೇಳಲಿ, ಉಳಿದವರು ಎಂದಿನಂತೆ ಉತ್ತರ ಕೊಡದಿರಲಿ.

ಹಣ, ಕೇಕು

ತಲೆಗೆ 600 ರೂಪಾಯಿ, 11 ಜನರಿಂದ 6,600. ಒಬ್ಬರ ಯುಪಿಐಗೆ ಹೋಗಲಿ, ಟಿಪ್ಪಣಿಯಲ್ಲಿ ಏನೂ ಬರೆಯುವುದು ಬೇಡ. ಮನೆಯವರೂ ಸೇರಿ ಹದಿನಾಲ್ಕು ಹದಿನೈದು ಜನಕ್ಕೆ ಒಂದೂವರೆ ಕೆಜಿ ಕೇಕು ಸಾಕು. ಸ್ನೋ ಸ್ಪ್ರೇ ತರಲೇಬೇಡಿ. ಅದು ಹೊತ್ತಿಕೊಳ್ಳುವ ವಸ್ತು, ಉರಿಯುವ ಮೇಣದಬತ್ತಿ ಮುಂದೆ ಮುಖಕ್ಕೆ ಹಾರಿಸಿದರೆ ಸುಟ್ಟುಕೊಳ್ಳುತ್ತಾರೆ.

ಆ ಸಂಜೆ

ಸುಮಾರನ್ನು ಕರೆತರುವವರು ಒಬ್ಬರೇ ಇರಲಿ. ‘ಅವಳ ಮನೇಲಿ ಬ್ಲೌಸ್ ಪೀಸ್ ಇಸ್ಕೊಂಡು ಹೋಟೆಲಿಗೆ ಹೋಗೋಣ’ ಎನ್ನಲಿ. ಹೋಟೆಲಿನ ಮಾತು ಮುಖ್ಯ. ಅದಿಲ್ಲದಿದ್ದರೆ ಸುಮಾ ಮನೆಯ ಬಟ್ಟೆಯಲ್ಲೇ ಬಂದು ಫೋಟೋದುದ್ದಕ್ಕೂ ಮುಜುಗರಪಡುತ್ತಾರೆ. ಅವರು ಏಳಕ್ಕೆ ಬರುವುದಾದರೆ ಉಳಿದವರು ಆರೂವರೆಗೇ ಒಳಗಿರಬೇಕು. ಬೆಂಗಳೂರಿನಿಂದ ಹೊರಟವರಿಗೆ ಬೆಳಿಗ್ಗೆಯೇ ತಾಕೀತು ಮಾಡಿ: ದಾರಿಯಲ್ಲಿ ಮದ್ದೂರು ವಡೆ ತಿನ್ನಿ, ಸ್ಟೇಟಸ್ ಹಾಕಬೇಡಿ. ಗಾಡಿಗಳನ್ನು ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ. ಚಪ್ಪಲಿಗಳನ್ನು ಒಳಗೆ ತೆಗೆದಿಡಿ. ಬಾಗಿಲ ಮುಂದೆ ಹದಿನಾಲ್ಕು ಜೊತೆ ಬಿದ್ದಿದ್ದರೆ ಕಾಲಿಂಗ್ ಬೆಲ್ ಒತ್ತುವ ಮೊದಲೇ ಕಥೆ ಮುಗಿಯುತ್ತದೆ. ಕರೆತರುವವರು ಗೇಟಿನ ಹತ್ತಿರ ಹೊಸ ಗ್ರೂಪಿಗೆ ಬರೇ ಒಂದು ಚುಕ್ಕೆ ಕಳಿಸಲಿ. ಉಳಿದವರ ಫೋನು ಅಷ್ಟರಲ್ಲಿ ಸೈಲೆಂಟ್ ಆಗಿರಲಿ, ಇಲ್ಲದಿದ್ದರೆ ಆ ಚುಕ್ಕೆಗೇ ಹತ್ತು ಫೋನು ಟಿಣ್ ಎನ್ನುತ್ತವೆ.

ಮಾರನೆಯ ದಿನ ಲೆಕ್ಕ ಹಾಕಿ, ಉಳಿದ ಹಣ ಹಿಂತಿರುಗಿಸಿ ‘ಸೈಟ್ ಖಾತಾ’ ಗ್ರೂಪನ್ನು ಮುಚ್ಚಿಬಿಡಿ. ಮುಂದಿನ ಹುಟ್ಟುಹಬ್ಬಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಆ ಸಲ ಯಾರಿಗೆ ಗೊತ್ತಾಗಬಾರದೋ ಅವರು ಅದರಲ್ಲೇ ಇರುತ್ತಾರೆ.