ಇಂಗ್ಲಿಷ್ ಮಾತಾಡೋ ದೇಶಕ್ಕೆ ಹೊಸದಾಗಿ ಬಂದ ಕನ್ನಡದೋರಿಗೆ: ಮಗು ಎಷ್ಟು ಇಂಗ್ಲಿಷ್ ಬೆರೆಸ್ತು ಅಂತ ಎಣಿಸ್ಬೇಡಿ, ವಾಕ್ಯ ಎಲ್ಲಿ ಮುಗೀತು ನೋಡಿ

ಮೊದ್ಲು ಕಾಗದಪತ್ರದ ವಿಷ್ಯ ಮುಗಿಸ್ಬಿಡ್ತೀನಿ. ಸ್ಕೂಲ್ ಫಾರ್ಮಲ್ಲಿ ಮನೆಭಾಷೆ ಯಾವ್ದು ಅಂತ ಕೇಳಿದ್ರೆ ಕನ್ನಡ ಅಂತ ಬರೀರಿ, ಹೆದರ್ಕೊಂಡು ಇಂಗ್ಲಿಷ್ ಅಂತ ಹಾಕ್ಬೇಡಿ, ಅಷ್ಟೇ.

ಈಗ ನಿಜವಾದ ವಿಷ್ಯಕ್ಕೆ ಬರ್ತೀನಿ. ಬಂದು ಸ್ವಲ್ಪ ದಿನ ಆಗೋ ಹೊತ್ತಿಗೆ ಎಲ್ಲಾ ಮನೇಲೂ ಒಂದೇ ಸಂಕಟ ಶುರುವಾಗತ್ತೆ, ಮಗು ಒಂದು ವಾಕ್ಯದಲ್ಲಿ ನಾಲ್ಕು ಇಂಗ್ಲಿಷ್ ಪದ ಹಾಕ್ತಾ ಇದೆ, ಕನ್ನಡ ಹೋಗ್ತಾ ಇದೆ, ಏನ್ ಮಾಡೋದು ಅಂತ. ನಾವು ಇಲ್ಲಿ ಹಳಬರು ತುಂಬ ಮನೆಗಳಲ್ಲಿ ಮಾಡಿದ್ದು ಒಂದೇ, ಇಂಗ್ಲಿಷ್ ಪದ ಬಂದಾಗೆಲ್ಲ ಮಗೂನ ತಡೆದು ‘ಕನ್ನಡದಲ್ಲಿ ಹೇಳು’ ಅಂತ ಗದರಿಸಿದ್ವಿ. ಫಲ ಏನಾಯ್ತು ಅಂದ್ರೆ ಎಷ್ಟೋ ಮಕ್ಕಳು ಬೆರೆಸೋದನ್ನೇ ಬಿಟ್ಟು ಪೂರ್ತಿ ಇಂಗ್ಲಿಷಿಗೇ ಹೋಗ್ಬಿಟ್ರು, ಯಾಕಂದ್ರೆ ಆ ದಾರೀಲಿ ಯಾರೂ ತಡೆಯಲ್ಲ. ಇದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ. ನಾವು ಎಣಿಸ್ತಿದ್ದದ್ದೇ ತಪ್ಪು ಜಾಗದಲ್ಲಿ.

ಎರಡು ವಾಕ್ಯ ಪಕ್ಕಪಕ್ಕ ಇಟ್ಟು ನೋಡಿ. ಒಂದು ಮಗು ಹೇಳತ್ತೆ, ‘ಅಮ್ಮಾ, ಟೀಚರ್ ನನ್ನ ಡ್ರಾಯಿಂಗ್‌ನ ವಾಲ್ ಮೇಲೆ ಸ್ಟಿಕ್ ಮಾಡಿದ್ರು’. ಇನ್ನೊಂದು ಮಗು ಹೇಳತ್ತೆ, ‘ಅಮ್ಮಾ, ಮೈ ಟೀಚರ್ ಸ್ಟಕ್ ಮೈ ಚಿತ್ರ ಆನ್ ದ ಗೋಡೆ’. ನಮ್ಮ ಅಮ್ಮಂದಿರಿಗೆ ಎರಡನೇದು ಕೇಳಿದ್ರೆ ಖುಷಿ ಆಗತ್ತೆ, ಚಿತ್ರ ಅಂದ, ಗೋಡೆ ಅಂದ, ಎಷ್ಟು ಚೆನ್ನಾಗಿ ಕನ್ನಡ ಪದ ಉಳಿಸ್ಕೊಂಡಿದಾನೆ ಅಂತ. ಮೊದಲನೇದು ಕೇಳಿ ತಲೆ ಚಚ್ಕೋತಾರೆ. ಆದ್ರೆ ಮೊದಲನೇ ವಾಕ್ಯ ಅಚ್ಚ ಕನ್ನಡದ್ದು. ಯಾರು, ಏನನ್ನ, ಎಲ್ಲಿ, ಆಮೇಲೆ ಕ್ರಿಯಾಪದ, ಎಲ್ಲಾ ನಮ್ಮ ಕ್ರಮದಲ್ಲೇ ಇದೆ. ಡ್ರಾಯಿಂಗಿಗೆ ದ್ವಿತೀಯಾ ವಿಭಕ್ತಿ ಅಂಟಿದೆ, ‘ಮೇಲೆ’ ಅನ್ನೋದು ವಾಲ್ ಆದ್ಮೇಲೆ ಬಂದಿದೆ, ಕೊನೇಲಿ ‘ಮಾಡಿದ್ರು’ ಅಂತ ಬಹುವಚನ ಹಾಕಿ ಟೀಚರಿಗೆ ಮರ್ಯಾದೆನೂ ಕೊಟ್ಟಾಗಿದೆ. ಇಂಗ್ಲಿಷಿಂದ ಬಂದಿರೋದು ಬರೀ ಹೆಸರುಗಳು, ಮತ್ತೆ ಸ್ಟಿಕ್ ಅನ್ನೋ ಒಂದು ಕ್ರಿಯೆ. ಎರಡನೇ ವಾಕ್ಯ ಪೂರ್ತಿ ಇಂಗ್ಲಿಷ್, ಅದರೊಳಗೆ ಎರಡು ಕನ್ನಡ ಪದ ನೆಂಟರ ಥರ ಬಂದು ಕೂತಿವೆ.

ಭಾಷಾವಿಜ್ಞಾನದೋರು ಇದಕ್ಕೆ ಚೌಕಟ್ಟಿನ ಭಾಷೆ ಅಂತಾರೆ. ಕೆರೊಲ್ ಮಯರ್ಸ್ ಸ್ಕಾಟನ್ ಅನ್ನೋರು ಕೀನ್ಯಾ ಕಡೆ ಸ್ವಾಹಿಲಿ ಇಂಗ್ಲಿಷ್ ಬೆರೆಸಿ ಮಾತಾಡೋರನ್ನ ನೋಡಿ 1993ರಲ್ಲಿ ಇದನ್ನ ವಿವರವಾಗಿ ಬರೆದ್ರು. ಎರಡು ಭಾಷೆ ಬೆರೆತ ವಾಕ್ಯದಲ್ಲೂ ಒಂದೇ ಭಾಷೆ ಯಜಮಾನಿಕೆ ಮಾಡತ್ತೆ, ಪದಗಳ ಕ್ರಮ ಅದರದ್ದು, ಕ್ರಿಯಾಪದದ ಕೊನೆ ಥರ ವ್ಯಾಕರಣದ ಕೆಲಸ ಮಾಡೋ ಪ್ರತ್ಯಯಗಳೂ ಅದರದ್ದೇ, ಇನ್ನೊಂದು ಭಾಷೆ ಹೆಚ್ಚಾಗಿ ಅರ್ಥ ಹೊರೋ ಪದಗಳನ್ನ ಕೊಡತ್ತೆ ಅಂತ. ಹಾಗಾಗಿ ಮಗುವಿನ ಕನ್ನಡ ಹೇಗಿದೆ ಅಂತ ತಿಳ್ಕೊಬೇಕಾದ್ರೆ ಪದ ಎಣಿಸ್ಬೇಡಿ, ವಾಕ್ಯ ಯಾವ ಕ್ರಿಯಾಪದದಲ್ಲಿ ಮುಗೀತು, ವಿಭಕ್ತಿ ಯಾವ ಭಾಷೇದು ಅಂತ ಕೇಳಿಸ್ಕೊಳಿ.

ಎಲ್ಲಿ ಬೇಕಾದ್ರಲ್ಲಿ ಭಾಷೆ ಬದಲಾಗಲ್ಲ ಅನ್ನೋದು ನಿಮ್ಮ ಕಿವಿಗೇ ಗೊತ್ತು. ‘ಡಿಸೈಡ್ ಮಾಡಿದೆ’ ಅಂತೀವಿ, ‘ಡಿಸೈಡೆಡ್ ಮಾಡಿದೆ’ ಅಂತ ಯಾರೂ ಅನ್ನಲ್ಲ, ಭೂತಕಾಲದ ಕೆಲಸ ‘ಮಾಡಿದೆ’ ಮಾಡ್ತಾ ಇದೆಯಲ್ಲ. ‘ಡಿಸೈಡಿದೆ’ ಅಂತಾನೂ ಅನ್ನಲ್ಲ, ಇಂಗ್ಲಿಷ್ ಕ್ರಿಯಾಪದ ಕನ್ನಡಕ್ಕೆ ಬರ್ಬೇಕಾದ್ರೆ ಮಾಡು ಅಥವಾ ಆಗು ಕೈ ಹಿಡ್ಕೊಂಡೇ ಬರ್ಬೇಕು. ‘ಬಿಗ್ ಮನೆ’, ‘ದೊಡ್ಡ ಹೌಸ್’ ಎರಡೂ ಸಲೀಸಾಗಿ ಬರತ್ತೆ, ಯಾಕಂದ್ರೆ ಎರಡೂ ಭಾಷೇಲಿ ವಿಶೇಷಣ ಮುಂದೆ, ಹೆಸರು ಹಿಂದೆ. ಆದ್ರೆ ಕನ್ನಡದಲ್ಲಿ ಮಾತಾಡ್ತಾ ಇರುವಾಗ ‘ಪುಸ್ತಕ ಆನ್ ಟೇಬಲ್ ಇದೆ’ ಅಂದ್ರೆ ಕಿವಿಗೆ ಒದ್ದ ಹಾಗಾಗತ್ತೆ, ನಮ್ಮಲ್ಲಿ ಮೇಲೆ ಅನ್ನೋದು ಹಿಂದೆ ಬರ್ಬೇಕು. ಶಾನಾ ಪಾಪ್ಲ್ಯಾಕ್ ಅನ್ನೋ ಭಾಷಾವಿಜ್ಞಾನಿ 1980ರಲ್ಲಿ ನ್ಯೂಯಾರ್ಕಿನ ಪೋರ್ಟೊರಿಕೊ ಜನರ ಸ್ಪ್ಯಾನಿಷ್ ಇಂಗ್ಲಿಷ್ ಮಾತು ನೋಡಿ ಹೇಳಿದ್ದು ಇದೇ, ಎರಡೂ ಭಾಷೆಗಳ ಪದಕ್ರಮ ಹೊಂದೋ ಜಾಗದಲ್ಲಿ ಜನ ಭಾಷೆ ಬದಲಾಯಿಸ್ತಾರೆ, ಪದಕ್ಕೂ ಅದಕ್ಕಂಟಿದ ಪ್ರತ್ಯಯಕ್ಕೂ ನಡುವೆ ಬದಲಾಯಿಸಲ್ಲ ಅಂತ.

ಇಲ್ಲೊಂದು ತೊಡಕಿದೆ. ಅವರ ನಿಯಮ ನಮ್ಮ ಮೇಲೆ ನೇರವಾಗಿ ಕೂರಲ್ಲ. ಸ್ಪ್ಯಾನಿಷಲ್ಲೂ ಇಂಗ್ಲಿಷಲ್ಲೂ ಸಾಮಾನ್ಯವಾಗಿ ಕ್ರಿಯಾಪದ ಆದ್ಮೇಲೆ ಕರ್ಮ ಬರೋದು, ನಮ್ದು ತದ್ವಿರುದ್ಧ. ಅಲ್ದೆ ‘ಆಫೀಸಲ್ಲಿ’, ‘ಫ್ರೆಂಡ್‌ಗೆ’, ‘ಡ್ರಾಯಿಂಗ್‌ನ’ ಅಂತ ದಿನಾ ಇಂಗ್ಲಿಷ್ ಪದಕ್ಕೆ ಕನ್ನಡ ಪ್ರತ್ಯಯ ಅಂಟಿಸ್ತೀವಿ. ಇದಕ್ಕೆ ಪಾಪ್ಲ್ಯಾಕ್ ಮತ್ತೆ ಜೊತೆಗಾರರು 1990ರಲ್ಲಿ ತಮಿಳಿನ ಉದಾಹರಣೆ ಇಟ್ಕೊಂಡು ಉತ್ತರ ಕೊಟ್ರು, ಹೀಗೆ ಪ್ರತ್ಯಯ ಹಚ್ಕೊಂಡ ಒಂಟಿ ಪದ ಭಾಷೆ ಬದಲಾವಣೆ ಅಲ್ಲ, ಆ ಹೊತ್ತಿಗೆ ತಂದ ಸಾಲದ ಪದ ಅಂತ. ಎಲ್ಲರೂ ಒಪ್ಪಿಲ್ಲ. ನಮ್ಮ ಎಸ್.ಎನ್. ಶ್ರೀಧರ್ ಮತ್ತೆ ಕಮಲ್ ಶ್ರೀಧರ್ ಅದೇ 1980ರಲ್ಲಿ ಕನ್ನಡ ಇಂಗ್ಲಿಷ್ ಬೆರಕೆಯನ್ನೇ ನೋಡಿ ಬೇರೆ ಮಾತು ಹೇಳಿದ್ರು, ನನಗೆ ಅದೇ ಹೆಚ್ಚು ಸರಿ ಅನ್ಸತ್ತೆ. ಒಳಗೆ ಬಂದ ಇಂಗ್ಲಿಷ್ ತುಂಡು ತನ್ನೊಳಗೆ ತನ್ನ ಕ್ರಮವನ್ನೇ ಇಟ್ಕೊಬಹುದು, ಆದ್ರೆ ಅದು ಕೂರೋ ಜಾಗ ಕನ್ನಡದ ನಿಯಮಕ್ಕೆ ಹೊಂದ್ಬೇಕು ಅಂತ. ‘ಫ್ರೆಂಡ್ ಆಫ್ ಎ ಫ್ರೆಂಡ್‌ಗೆ ಹೇಳಿದೆ’ ಅಂದಾಗ ಒಳಗಡೆ ಪೂರ್ತಿ ಇಂಗ್ಲಿಷ್ ಕ್ರಮ, ಹೊರಗಡೆ ಕನ್ನಡದ ‘ಗೆ’, ಕ್ರಿಯಾಪದ ಕೊನೇಲಿ. ‘ಐ ವಿಲ್ ಕಾಲ್ ಯು ಲೇಟರ್ ಅಂತ ಹೇಳಿದ’ ಅನ್ನೋದೂ ಹಾಗೇ, ‘ಅಂತ’ ಒಂದಿದ್ರೆ ಇಡೀ ಇಂಗ್ಲಿಷ್ ವಾಕ್ಯಾನೇ ಒಳಗೆ ಕೂರಿಸ್ಕೊಳತ್ತೆ. ಅಪರೂಪಕ್ಕೆ ‘ಆನ್ ದ ವಾಲ್ ಮೇಲೆ’ ಅಂತ ಎರಡೂ ಕಡೆಯಿಂದ ಹೇಳ್ಬಿಡೋರೂ ಇದಾರೆ, ಹಾಗಾಗಿ ಯಾವ ನಿಯಮಾನೂ ಕಬ್ಬಿಣದ್ದು ಅಲ್ಲ.

ಪಾಪ್ಲ್ಯಾಕ್ ಕಂಡ ಇನ್ನೊಂದು ಸಂಗತಿ ನಮ್ಮಂಥ ಅಪ್ಪ ಅಮ್ಮಂದಿರು ಗೋಡೆ ಮೇಲೆ ಬರೆದಿಡ್ಬೇಕು. ವಾಕ್ಯದ ಮಧ್ಯದಲ್ಲಿ ಹೆಚ್ಚು ಸಲೀಸಾಗಿ ಭಾಷೆ ಬದಲಾಯಿಸ್ತಿದ್ದೋರು ಎರಡೂ ಭಾಷೆ ಚೆನ್ನಾಗಿ ಬಲ್ಲೋರು. ಒಂದು ಭಾಷೆ ಅಷ್ಟಾಗಿ ಬರದಿದ್ದೋರು ಹೆಚ್ಚಾಗಿ ವಾಕ್ಯದ ತುದೀಲಿ ಒಂದು ಚಿಕ್ಕ ಮಾತು ಸೇರಿಸ್ತಿದ್ರು, ಅಲ್ಲಿ ಎರಡು ವ್ಯಾಕರಣ ಒಂದಕ್ಕೊಂದು ತಗುಲಲ್ಲ. ನಮ್ಮ ಮಕ್ಕಳ ‘ಇಟ್ಸ್ ಸೋ ಕೋಲ್ಡ್ ಅಲ್ವಾ’ ಅದೇ. ಕನ್ನಡ ಬಹಳ ಕಡಿಮೆ ಆಗಿರೋ ಮಗುವಲ್ಲೂ ಈ ‘ಅಲ್ವಾ’ ಉಳ್ಕೊಂಡಿರತ್ತೆ. ದಯವಿಟ್ಟು ಅದನ್ನ ಕೇಳಿ ನಗಬೇಡಿ. ‘ಹೌದು, ಚಳಿ ಅಲ್ವಾ, ಜಾಕೆಟ್ ಹಾಕ್ಕೋತೀಯಾ?’ ಅಂತ ಅಲ್ಲಿಂದಲೇ ಮುಂದುವರಿಸಿ.

ಇಷ್ಟೆಲ್ಲ ಎಲ್ಲಿ ಬದಲಾಗಬಹುದು ಅನ್ನೋ ಪ್ರಶ್ನೆ. ಯಾಕೆ ಬದಲಾಯ್ತು ಅನ್ನೋದು ಬೇರೇನೇ, ಎರಡನ್ನೂ ಒಂದೇ ಅಂದ್ಕೊಂಡಿದ್ದಕ್ಕೇ ನಾವು ಇಷ್ಟು ದಿನ ಮಕ್ಕಳ ಮೇಲೆ ಕೂಗಾಡಿದ್ದು. ವ್ಯಾಕರಣ ಬಾಗಿಲು ಎಲ್ಲೆಲ್ಲಿದೆ ಅಂತ ಹೇಳತ್ತೆ, ಮಗು ಈಗ ಯಾಕೆ ಆಚೆ ಹೋಯ್ತು ಅಂತ ಹೇಳಲ್ಲ. ಜಾನ್ ಗಂಪರ್ಜ್ ಮತ್ತೆ ಯಾನ್ ಪೆಟರ್ ಬ್ಲೂಮ್ ಅನ್ನೋ ಸಂಶೋಧಕರು 1972ರಲ್ಲಿ ನಾರ್ವೆಯ ಹೆಮ್ನೆಸ್‌ಬೆರ್ಗೆಟ್ ಅನ್ನೋ ಊರಿನ ಬಗ್ಗೆ ಬರೆದ್ರು. ಅಲ್ಲಿ ಜನ ಆಫೀಸಿಗೆ ಹೋದ್ರೆ ಕ್ಲರ್ಕ್ ಹತ್ರ ಮನೆಯೋರು ಹೇಗಿದಾರೆ ಅಂತ ಊರ ಮಾತಲ್ಲಿ ಕೇಳಿ, ಕೆಲಸದ ಮಾತಿಗೆ ಬಂದ ಕೂಡ್ಲೆ ಶಿಷ್ಟ ಭಾಷೆಗೆ ತಿರುಗ್ತಿದ್ರು. ಅದೇ ಕೌಂಟರ್, ಅದೇ ಇಬ್ರು, ಸಂಬಂಧ ಮಾತ್ರ ಬೇರೆ ಆಯ್ತು. ಇಲ್ಲಿ ಕನ್ನಡದೋರು ಸೇರಿದಾಗ ಗಮನಿಸಿ, ಬೆರೆಸಿ ಮಾತಾಡೋದೇ ‘ನಾವೆಲ್ಲ ಒಂದೇ’ ಅನ್ನೋ ಗುರುತು. ಹೊಸಬರು ಅಚ್ಚುಕಟ್ಟಾದ ಬರೀ ಇಂಗ್ಲಿಷಲ್ಲಿ ಉತ್ತರ ಕೊಟ್ರೆ ಜನ ಒಂದು ಹೆಜ್ಜೆ ಹಿಂದೆ ಸರೀತಾರೆ, ಭಾಷಣದ ಕನ್ನಡ ಆಡಿದ್ರೂ ಅಷ್ಟೇ.

ಮನೇಲಿ ಇದು ಹೇಗೆ ಕಾಣತ್ತೆ ಅಂದ್ರೆ, ಮಗು ಮಧ್ಯಾಹ್ನದಿಂದ ಕನ್ನಡದಲ್ಲೇ ವಟಗುಟ್ತಾ ಇರತ್ತೆ. ನೀವು ‘ಬಾ, ಹೋಮ್‌ವರ್ಕ್ ಮುಗಿಸು’ ಅಂತೀರಿ. ಒಂದು ಕ್ಷಣ ಮೌನ, ಆಮೇಲೆ ‘ಐ ವಿಲ್ ಡು ಇಟ್ ಲೇಟರ್’. ಕನ್ನಡ ಮರೆತು ಹಾಗಂದಿದ್ದಲ್ಲ, ಐದು ನಿಮಿಷದ ಹಿಂದೆ ಇದಕ್ಕಿಂತ ಕಷ್ಟದ ವಾಕ್ಯ ಹೇಳಿತ್ತು. ಇಂಗ್ಲೆಂಡಿನ ಟೈನ್‌ಸೈಡ್ ಕಡೆಯ ಚೀನೀ ಮನೆಗಳನ್ನ ನೋಡಿದ ಲಿ ವೇ ಅವರೂ 1990ರ ದಶಕದಲ್ಲಿ ಇದನ್ನೇ ತೋರಿಸಿದ್ರು, ದೊಡ್ಡೋರು ಚೀನೀ ಭಾಷೇಲಿ ಕೇಳಿದ್ದಕ್ಕೆ ಮಕ್ಕಳು ಒಲ್ಲೆ ಅನ್ನೋವಾಗ ಇಂಗ್ಲಿಷಿಗೆ ತಿರುಗೋದು ಆ ನಿರಾಕರಣೆಯದ್ದೇ ಒಂದು ಭಾಗ ಅಂತ. ಅಂಥ ಹೊತ್ತಲ್ಲಿ ‘ಕನ್ನಡದಲ್ಲಿ ಹೇಳು’ ಅಂದ್ರೆ ಹೋಮ್‌ವರ್ಕಿನ ಜಗಳಕ್ಕೆ ಭಾಷೆಯ ಜಗಳಾನೂ ಸೇರ್ಕೊಳತ್ತೆ, ಕನ್ನಡ ಬೈಸಿಕೊಳ್ಳೋ ಭಾಷೆ ಆಗ್ಬಿಡತ್ತೆ. ವಿಷ್ಯಕ್ಕೆ ಮಾತ್ರ ಉತ್ತರ ಕೊಡಿ, ಕನ್ನಡದಲ್ಲೇ ಕೊಡಿ, ಜಗಳ ಮುಗಿದ್ಮೇಲೆ ಮಗು ಯಾವ ಭಾಷೆಗೆ ವಾಪಸ್ ಬಂತು ನೋಡಿ. ಕನ್ನಡಕ್ಕೆ ಬಂದ್ರೆ ಚಿಂತೆ ಬೇಡ. ಬದಲಿಗೆ ಮಗು ‘ಅದು… ಅದೂ…’ ಅಂತ ತಡವರಿಸಿ ಇಂಗ್ಲಿಷ್ ಪದ ಹಾಕಿದ್ರೆ ಅದು ಪದ ಸಿಗದೇ ಇರೋದು, ಆಗ ಪದ ಕೊಟ್ಬಿಡಿ, ಪರೀಕ್ಷೆ ಮಾಡ್ಬೇಡಿ.

ಚಿಂತೆ ಮಾಡ್ಬೇಕಾದ್ದು ಜಗಳ ಇಲ್ಲದಾಗ, ತಡವರಿಕೇನೂ ಇಲ್ಲದಾಗ, ಸುಮ್ನೆ ಕತೆ ಹೇಳೋವಾಗ ಚೌಕಟ್ಟೇ ಇಂಗ್ಲಿಷ್ ಆಗಿ ಅಲ್ಲೇ ನಿಂತಾಗ. ಆಗ ಹೋಗೋದು ಚಿತ್ರ, ಗೋಡೆ ಅನ್ನೋ ಪದಗಳಲ್ಲ, ಅವನ್ನ ಯಾವಾಗ ಬೇಕಾದ್ರೂ ಕಲೀಬಹುದು. ಹೋಗೋದು ಕ್ರಿಯಾಪದದ ಕೊನೇಲಿದ್ದ ಬಂದ, ಬಂದ್ರು, ಬಂತು. ‘ಬರ್ತಾರಂತೆ’ ಅನ್ನೋದ್ರಲ್ಲಿ ಇರೋ ಆ ‘ಅಂತೆ’, ನಾನು ಕಂಡಿದ್ದಲ್ಲ, ಯಾರೋ ಹೇಳಿದ್ದು ಅನ್ನೋ ಎಚ್ಚರ. ನೀನು ಯಾರಿಗೆ, ನೀವು ಯಾರಿಗೆ ಅನ್ನೋ ಲೆಕ್ಕ. ಅಜ್ಜೀನ, ತಂಗೀನ, ಟೀಚರನ್ನ ಮೂರು ಥರ ಮಾತಾಡಿಸ್ತಿದ್ದ ಮಗು ಎಲ್ಲರಿಗೂ ಒಂದೇ ಥರ ಮಾತಾಡಕ್ಕೆ ಶುರು ಮಾಡಿದಾಗ ನನಗೆ ನಿಜವಾಗ್ಲೂ ಸಂಕಟ ಆಗತ್ತೆ, ಅಲ್ಲಿ ಕಳೆದಿದ್ದು ಪದವಲ್ಲ, ಮನುಷ್ಯರನ್ನ ಹತ್ತಿರ ದೂರ ಇಟ್ಟು ನೋಡೋ ಒಂದು ರೀತಿ.

ಚೌಕಟ್ಟು ವಾಪಸ್ ಬರೋದು ಇಂಗ್ಲಿಷ್ ಬರದೇ ಇರೋರ ಜೊತೆ ಮಾತಾಡೋವಾಗ, ಅಲ್ಲಿ ಮಗುವಿಗೆ ನಿಜವಾದ ಕಾರಣ ಇರತ್ತೆ. ಅಜ್ಜಿ ತಾತನ ಫೋನ್ ಬಂದಾಗ ಮಗು ಕೈಗೆ ಕೊಡಿ, ಪಕ್ಕದಲ್ಲಿ ಕೂತು ‘ಅವಳು ಹೇಳ್ತಿರೋದು ಏನಂದ್ರೆ’ ಅಂತ ಅರ್ಥ ಬಿಡಿಸ್ಬೇಡಿ. ಮಗು ‘ಅಜ್ಜಿ, ಟೀಚರ್ ನನ್ನ ಡ್ರಾಯಿಂಗ್‌ನ ಸ್ಟಿಕ್ ಮಾಡಿದ್ರು’ ಅನ್ನತ್ತೆ, ಅಜ್ಜಿ ‘ಏನು ಮಾಡಿದ್ರು?’ ಅಂತಾರೆ, ಆಗ ‘ಅಂಟಿಸಿದ್ರು’ ಅನ್ನೋದು ತಾನೇ ಹುಡುಕ್ಕೊಂಡು ಬರತ್ತೆ, ಇಲ್ಲ ಅಜ್ಜೀನೇ ಹೇಳ್ಕೊಡ್ತಾರೆ. ಅಷ್ಟು ಹೊತ್ತು ನೀವು ಪಕ್ಕದ ರೂಮಲ್ಲಿರಿ.