ಇನ್‌ಕ್ರಿಮೆಂಟ್ ಬೇಡ ಅಂದವರಿಗೆ ನಾನು ಹಾಕಿಕೊಡುವ ಲೆಕ್ಕ

ಕಂಪನಿಯ ಪೇರೋಲ್ ನೋಡಿಕೊಳ್ಳುವ ನನ್ನ ಹತ್ತಿರ ಏಪ್ರಿಲ್‌ನಲ್ಲಿ ಬರುವ ಪ್ರಶ್ನೆ ಒಂದೇ: "ಸರ್, ಇನ್‌ಕ್ರಿಮೆಂಟ್ ಸೇರಿದರೆ 20% ಸ್ಲ್ಯಾಬ್‌ಗೆ ಬೀಳ್ತೀನಿ. ಕೈಗೆ ಬರೋದು ಕಮ್ಮಿ ಆಗಲ್ವಾ?" ನಾನು ವಾದಕ್ಕೆ ಹೋಗುವುದಿಲ್ಲ, ಎಕ್ಸೆಲ್ ತೆರೆದು ಅವರದೇ ಅಂಕಿ ಹಾಕುತ್ತೇನೆ.

ಒಬ್ಬರ ಸಂಬಳ ವರ್ಷಕ್ಕೆ 16,50,000. ಹೊಸ ತೆರಿಗೆ ಪದ್ಧತಿಯಲ್ಲಿ (2025-26) 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ತೆರಿಗೆಗೆ ಸಿಗುವುದು 15,75,000. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ 5% ಅಂದರೆ 20,000, ಅದರ ಮುಂದಿನ 4 ಲಕ್ಷಕ್ಕೆ 10% ಅಂದರೆ 40,000, ಉಳಿದ 3,75,000ಕ್ಕೆ 15%, ಅಂದರೆ 56,250. 4% ಸೆಸ್ ಸೇರಿ 1,20,900.

ಈಗ ಒಂದು ಲಕ್ಷ ಏರಿಸೋಣ. ತೆರಿಗೆಗೆ ಸಿಗುವ ಆದಾಯ 16,75,000. 16 ಲಕ್ಷದವರೆಗಿನ ಸಾಲುಗಳು ಹಾಗೇ ಇರುತ್ತವೆ. 20% ತಗಲುವುದು ಅದನ್ನು ದಾಟಿದ 75,000ಕ್ಕೆ ಮಾತ್ರ. ಸೆಸ್ ಸೇರಿ ಒಟ್ಟು 1,40,400. ಹೆಚ್ಚು ಕಟ್ಟಿದ್ದು 19,500, ಕೈಯಲ್ಲಿ ಉಳಿದದ್ದು 80,500. ಇಡೀ ಸಂಬಳಕ್ಕೆ ಹೋಲಿಸಿದರೆ ತೆರಿಗೆ 7.3%ನಿಂದ ಸುಮಾರು 8%ಗೆ ಏರಿತು, ಅಷ್ಟೇ. 20% ಅನ್ನುವುದು ಕೊನೆಯ ರೂಪಾಯಿಯ ದರ, ಒಟ್ಟು ಸಂಬಳದ್ದಲ್ಲ. (ಪಿಎಫ್ ಕಡಿತ ಹೆಚ್ಚಾಗಿ ಸ್ಲಿಪ್‌ನಲ್ಲಿ ಸ್ವಲ್ಪ ಕಮ್ಮಿ ಕಂಡರೆ ಅದು ಬೇರೆ ವಿಷಯ, ಆ ದುಡ್ಡು ನಿಮ್ಮದೇ.)

ಇಷ್ಟಕ್ಕೆ ಬಹುಪಾಲು ಜನ ಸಮಾಧಾನವಾಗಿ ಹೋಗುತ್ತಾರೆ. 12,75,000 ಸಂಬಳದವರಿಗೆ ಮಾತ್ರ ನಾನು ಅಷ್ಟು ಸಲೀಸಾಗಿ ಉತ್ತರಿಸುವುದಿಲ್ಲ. ಅವರ ತೆರಿಗೆಗೆ ಸಿಗುವ ಆದಾಯ ಸರಿಯಾಗಿ 12 ಲಕ್ಷ, ಅಲ್ಲಿ 60,000 ತೆರಿಗೆ ಪೂರ್ತಿ ರಿಬೇಟ್ ಆಗಿ ಸೊನ್ನೆಯಾಗುತ್ತದೆ. ದಾಟಿದೊಡನೆ ರಿಬೇಟ್ ಹೋಗುತ್ತದೆ. ಪೂರ್ತಿ ಹೊಡೆತ ಬೀಳದಿರಲೆಂದು ಮಾರ್ಜಿನಲ್ ರಿಲೀಫ್ ಇದೆ: 12 ಲಕ್ಷದ ಮೇಲೆ ಎಷ್ಟು ಬಂತೋ, ತೆರಿಗೆ ಅದಕ್ಕಿಂತ ಹೆಚ್ಚಾಗಬಾರದು. ಆದರೆ ಸೆಸ್ ಅದರ ಮೇಲೆ ಕೂರುತ್ತದೆ. 50,000 ಏರಿದರೆ ತೆರಿಗೆ 50,000, ಸೆಸ್ 2,000. ಅಂದರೆ ನಿಜಕ್ಕೂ 2,000 ನಷ್ಟ! ಏರಿಕೆ ಸುಮಾರು 74,000 ದಾಟಿದ ಮೇಲೆ ಮತ್ತೆ ಲಾಭ ಶುರು. ಇದು ಸ್ಲ್ಯಾಬ್‌ನ ತಪ್ಪಲ್ಲ, ರಿಬೇಟ್‌ನ ಅಂಚಿನ ತಾಪತ್ರಯ. ಹಳೆ ಪದ್ಧತಿಯಲ್ಲಿ 5 ಲಕ್ಷದ ಅಂಚಿಗೆ ಈ ರಿಲೀಫೂ ಇಲ್ಲ.

ಅಂಥವರಿಗೆ ನಾನು ಹೇಳುವುದು: ಎಚ್‌ಆರ್ ಒಪ್ಪಿದರೆ ಆ 50,000ವನ್ನು ಕಂಪನಿಯ ಕಡೆಯಿಂದ ನಿಮ್ಮ ಎನ್‌ಪಿಎಸ್ ಪಿಂಚಣಿ ಖಾತೆಗೆ ಹಾಕಿಸಿ. ಬೇಸಿಕ್‌ನ 14%ವರೆಗೆ ಹೊಸ ಪದ್ಧತಿಯಲ್ಲೂ ಕಳೆಯಬಹುದು. ಬೇಸಿಕ್ 6 ಲಕ್ಷ ಇದ್ದರೆ ಮಿತಿ 84,000, ಹಾಗಾಗಿ ತೆರಿಗೆಗೆ ಸಿಗುವ ಆದಾಯ 12 ಲಕ್ಷದಲ್ಲೇ ನಿಲ್ಲುತ್ತದೆ. ಆ ಹಣ ಈಗ ಕೈಗೆ ಬರುವುದಿಲ್ಲ, ನಿವೃತ್ತಿಯವರೆಗೆ ಬಹುಪಾಲು ಅಲ್ಲೇ ಇರುತ್ತದೆ. ಅದು ಬೇಕಾ ಬೇಡವಾ ಅನ್ನುವುದನ್ನು ಅವರು ಮನೆಯಲ್ಲಿ ಕೇಳಿಕೊಂಡು ಬರುತ್ತಾರೆ.