ಊಟ ಮುಗಿದು ತಾಸುಗಟ್ಟಲೆ ಬಿಕ್ಕಳಿಕೆ ನಿಲ್ಲದಿದ್ದರೆ

ಶಿರಸಿ ಕಡೆಯ ಮದುವೆಮನೆಯಲ್ಲಿ ಹೋಳಿಗೆ ತುಪ್ಪ ಉಂಡು, ಮೇಲೆ ಎರಡು ಲೋಟ ಅಪ್ಪೆಹುಳಿ, ಆಮೇಲೊಂದು ಸೋಡಾ. ಉಬ್ಬಿದ ಹೊಟ್ಟೆ ಮೇಲಿನ ವಪೆಯೆಂಬ ಉಸಿರಾಟದ ಸ್ನಾಯುವನ್ನು ಒತ್ತಿ ಕೆಣಕುತ್ತದೆ, ಬಿಕ್ಕಳಿಕೆ ಶುರುವಾಗುತ್ತದೆ. ಯಾರೋ ನೆನೆಸುತ್ತಿದ್ದಾರೆ ಎಂದು ನಗಾಡುವುದು ಮೊದಲ ಹತ್ತು ನಿಮಿಷಕ್ಕಷ್ಟೇ ಸರಿ!

ಕುಳಿತು ತುಂಬ ಉಸಿರೆಳೆದು 10–15 ಸೆಕೆಂಡ್ ಹಿಡಿಯಿರಿ, ನಿಧಾನ ಬಿಡಿ. ಮೂರ್ನಾಲ್ಕು ಸಲ ಮಾಡಿ. ಬಗ್ಗದಿದ್ದರೆ ಮೊಣಕಾಲನ್ನು ಎದೆಗೆ ಅಪ್ಪಿಕೊಂಡು ಒಂದೆರಡು ನಿಮಿಷ ಕೂರಿ. ಒಂದು ಚಮಚ ಒಣ ಸಕ್ಕರೆ ನುಂಗುವುದೂ ಕೆಲವರಿಗೆ ಆಗುತ್ತದೆ. ಸಕ್ಕರೆ ಕಾಯಿಲೆಯವರು ಅದರ ಬದಲು ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯಲಿ. ಕಣ್ಣುಗುಡ್ಡೆ ಒತ್ತುವುದು ಮಾತ್ರ ಬೇಡ, ಅಪಾಯ. ರಾತ್ರಿ ಹೊಟ್ಟೆ ತುಂಬ ಉಣ್ಣಬೇಡಿ, ತಲೆ ಎತ್ತರವಿಟ್ಟು ಮಲಗಿ.

48 ತಾಸು ದಾಟಿದರೆ ಅದು ಊಟದ ಬಿಕ್ಕಳಿಕೆಯಲ್ಲ, ಡಾಕ್ಟರಿಗೆ ತೋರಿಸಿ. ಹುಳಿತೇಗು, ಮೂತ್ರಪಿಂಡದ ತೊಂದರೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್, ಯಾವುದೂ ಕಾರಣವಿರಬಹುದು. ನುಂಗುತ್ತಿರುವ ಮಾತ್ರೆಗಳ ಚೀಟಿ ಒಯ್ಯಿರಿ, ಆದರೆ ನೀವೇ ನಿಲ್ಲಿಸಬೇಡಿ.

ಬಿಕ್ಕಳಿಕೆಯ ಜೊತೆ ತಲೆ ತಿರುಗಿ ನಡಿಗೆ ವಾಲಿದರೆ, ಮಾತು ತೊದಲಿದರೆ, ನುಂಗಲಾಗದಿದ್ದರೆ ಅಥವಾ ಎದೆ ನೋವು ಬಂದರೆ ತಾಸು ಎಣಿಸುತ್ತ ಕೂರಬೇಡಿ. ಮೆದುಳಿನ ಬುಡದ ಸ್ಟ್ರೋಕ್ ಅಥವಾ ಹೃದಯಾಘಾತ ಹೀಗೂ ಕಾಣಿಸಿಕೊಳ್ಳುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಿ. ಘಟ್ಟದ ದಾರಿಯಿದ್ದರಂತೂ ಹೊರಡುವುದು ತಡವಾಗಬಾರದು.